‘ಹಾಲ್ಪ್ ಟ್ಸ್ವೊಲ್ಫ್’ ಎಂದರೆ ಹನ್ನೆರಡೂವರೆ ಅಲ್ಲ: ಜರ್ಮನ್ ಆಸ್ಪತ್ರೆಯಲ್ಲಿ ಶಿಫ್ಟ್ ಬದಲಾಗುವಾಗ ನರ್ಸ್‌ಗಳು ಏನು ಹೇಳುತ್ತಾರೆ?

ಜರ್ಮನಿಯಲ್ಲಿ ನರ್ಸ್ ಕೆಲಸ ಬೇಕೆನ್ನುವವರಿಗೆ ‘ಈ ವಾಕ್ಯಗಳನ್ನು ಬಾಯಿಪಾಠ ಮಾಡಿದರೆ ಸಾಕು’ ಎನ್ನುವಂಥ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಸಿಗುತ್ತವೆ. ಇದು ನಿಜವೇ? ಅರ್ಧ ನಿಜ. ವಾರ್ಡ್‌ನಲ್ಲಿ ಕೆಲವು ವಾಕ್ಯಗಳು ದಿನವೂ ಮರಳಿ ಬರುತ್ತವೆ. ಆದರೆ ಅವನ್ನು ಹೇಳಲು ಕಲಿತರೆ ಮಾತ್ರ ಸಾಲದು, ಇನ್ನೊಬ್ಬರು ಹೇಳಿದಾಗ ಸರಿಯಾಗಿ ಕೇಳಿಸಿಕೊಳ್ಳಬೇಕು. ಅದಕ್ಕೇ ನರ್ಸ್ ಆಗಿ ಪೂರ್ಣ ಮಾನ್ಯತೆ ಕೊಡುವಾಗ ಅಲ್ಲಿ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ.

ಊಬರ್‌ಗಾಬೆ ಎಂದರೇನು?

ಜರ್ಮನ್ ಆಸ್ಪತ್ರೆಗಳಲ್ಲಿ ಬೆಳಗ್ಗೆ, ಸಂಜೆ ಮತ್ತು ರಾತ್ರಿ ಎಂದು ಸಾಮಾನ್ಯವಾಗಿ ಮೂರು ಪಾಳಿ. ಪಾಳಿ ಮುಗಿಸುವ ನರ್ಸ್ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವುದೇ ‘ಊಬರ್‌ಗಾಬೆ’. ಮುಖ್ಯವಾಗಿ ಮೂರು ವಿಷಯ ಹೇಳಬೇಕು: ರೋಗಿ ಈಗ ಹೇಗಿದ್ದಾರೆ, ಯಾವ ಔಷಧಿ ಆಗಿದೆ, ಏನು ಬಾಕಿ ಇದೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಸೊಂಟದ ಆಪರೇಷನ್ ಆಗಿ ಎರಡು ದಿನವಾದ 78 ವರ್ಷದ ಮಹಿಳೆಯ ಬಗ್ಗೆ ಬೆಳಗಿನ ಪಾಳಿಯ ನರ್ಸ್ ಹೀಗೆ ಹೇಳುತ್ತಾರೆ:

- ಸ್ಥಿತಿ: ‘ಜೀ ಇಸ್ಟ್ ವಾಖ್ ಉಂಟ್ ಓರಿಯೆಂಟೀರ್ಟ್.’ ಎಚ್ಚರವಾಗಿದ್ದಾರೆ, ಸ್ಥಳ ಮತ್ತು ಸಮಯದ ಅರಿವಿದೆ. ‘ಜೀ ಕ್ಲಾಗ್ಟ್ ಊಬರ್ ಶ್ಮೆರ್ಟ್ಸನ್, ಜೆಕ್ಸ್ ಫೊನ್ ಟ್ಸೇನ್.’ ನೋವು ಎನ್ನುತ್ತಿದ್ದಾರೆ, ಹತ್ತಕ್ಕೆ ಆರರಷ್ಟು.
- ಔಷಧಿ: ‘ಉಮ್ ಹಾಲ್ಪ್ ಟ್ಸ್ವೊಲ್ಫ್ ಹಾಟ್ ಜೀ ಪಾರಾಟ್ಸೆಟಮೋಲ್ ಬೆಕೊಮ್ಮನ್.’ ಹನ್ನೊಂದೂವರೆಗೆ ಪ್ಯಾರಾಸಿಟಮಾಲ್ ಕೊಟ್ಟಾಗಿದೆ.
- ಬಾಕಿ: ‘ಡೇರ್ ಫರ್‌ಬಾಂಟ್ಸ್‌ವೆಕ್ಸಲ್ ಶ್ಟೇಟ್ ನೋಖ್ ಔಸ್.’ ಡ್ರೆಸ್ಸಿಂಗ್ ಬದಲಿಸುವುದು ಇನ್ನೂ ಆಗಿಲ್ಲ. ‘ಮೊರ್ಗನ್ ಫ್ರ್ಯೂ ಮುಸ್ ಜೀ ನ್ಯೂಷ್ಟರ್ನ್ ಬ್ಲೈಬನ್.’ ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿರಬೇಕು.

ಕೊನೆಯ ವಾಕ್ಯದ ‘ನ್ಯೂಷ್ಟರ್ನ್’ ಪದಕ್ಕೆ ನಿಘಂಟಿನಲ್ಲಿ ‘ಕುಡಿದಿಲ್ಲದ’ ಎಂಬ ಅರ್ಥವೂ ಸಿಗುತ್ತದೆ. ವಾರ್ಡ್‌ನಲ್ಲಿ ಹೀಗೆ ಹೇಳಿದರೆ ‘ಏನೂ ತಿನ್ನದೆ’ ಎಂದೇ ತಿಳಿಯಬೇಕು.

ಗಂಟೆಯ ಗೊಂದಲ

ನಾವು ‘ಹನ್ನೆರಡೂವರೆ’ ಎಂದಾಗ ಹನ್ನೆರಡರ ಮೇಲೆ ಅರ್ಧ ಗಂಟೆ ಸೇರಿಸುತ್ತೇವೆ. ಜರ್ಮನ್ನರ ಲೆಕ್ಕ ತಿರುಗಾಮುರುಗಾ. ‘ಹಾಲ್ಪ್ ಟ್ಸ್ವೊಲ್ಫ್’ ಎಂದರೆ ಹನ್ನೆರಡಕ್ಕೆ ಇನ್ನೂ ಅರ್ಧ ಗಂಟೆ ಇದೆ, ಅಂದರೆ 11:30.

ತಪ್ಪಾಗಿ ಕೇಳಿಸಿಕೊಂಡರೆ ಏನಾಗುತ್ತದೆ? ಎರಡು ಡೋಸ್‌ಗಳ ನಡುವೆ ಕನಿಷ್ಠ 6 ಗಂಟೆ ಬಿಡಬೇಕೆಂದು ವೈದ್ಯರು ಬರೆದಿದ್ದಾರೆ ಎಂದುಕೊಳ್ಳಿ. ಸಂಜೆ 5:30ಕ್ಕೆ ಮಾತ್ರೆ ಕೊಡಬಹುದು. 12:30 ಎಂದುಕೊಂಡ ನರ್ಸ್ 6:30ರವರೆಗೆ ಕಾಯಿಸುತ್ತಾರೆ, ಆ ಅಜ್ಜಿ ಸುಮ್ಮನೆ ಒಂದು ಗಂಟೆ ನೋವು ತಿನ್ನುತ್ತಾರೆ. ಈ ಗೊಂದಲ ತಪ್ಪಿಸಲು ‘ಎಲ್ಫ್ ಊರ್ ಡ್ರೈಸಿಶ್’ (ಹನ್ನೊಂದು ಗಂಟೆ ಮೂವತ್ತು) ಎಂದು ಅಂಕಿಯಲ್ಲೇ ಹೇಳುವುದು ಒಳ್ಳೆಯದು.

ಕೊಟ್ಟಾಗಿದೆಯೋ, ಕೊಡಬೇಕೋ?

ಇದು ಇನ್ನೂ ದೊಡ್ಡ ಅಪಾಯ. ‘ಬೆಕೊಮ್ಮನ್’ ಕೇಳಲು ಇಂಗ್ಲಿಷಿನ ‘ಬಿಕಮ್’ನಂತಿದ್ದರೂ ಅರ್ಥ ‘ಸಿಗುವುದು, ಪಡೆಯುವುದು’. ಈಗ ಈ ಎರಡು ವಾಕ್ಯಗಳನ್ನು ಹೋಲಿಸಿ:

- ‘ಜೀ ಹಾಟ್ ಪಾರಾಟ್ಸೆಟಮೋಲ್ ಬೆಕೊಮ್ಮನ್’: ಕೊಟ್ಟಾಗಿದೆ.
- ‘ಜೀ ಜೋಲ್ ಪಾರಾಟ್ಸೆಟಮೋಲ್ ಬೆಕೊಮ್ಮನ್’: ಇನ್ನು ಕೊಡಬೇಕು.

ಕನ್ನಡದಲ್ಲಿ ‘ಕೊಟ್ಟಾಗಿದೆ’, ‘ಕೊಡಬೇಕು’ ಎಂಬ ವ್ಯತ್ಯಾಸ ವಾಕ್ಯದ ಕೊನೆಯಲ್ಲಿ ಗೊತ್ತಾಗುತ್ತದೆ, ನಮ್ಮ ಕಿವಿ ಅಲ್ಲಿಗೇ ಕಾಯುತ್ತದೆ. ಜರ್ಮನ್‌ನ ಈ ವಾಕ್ಯಗಳಲ್ಲಿ ಕೊನೆಯ ಪದ ಎರಡಕ್ಕೂ ಒಂದೇ. ವ್ಯತ್ಯಾಸವೆಲ್ಲ ಆರಂಭದ ಆ ಪುಟ್ಟ ಪದದಲ್ಲಿದೆ. ‘ಹಾಟ್’ ಅನ್ನು ‘ಜೋಲ್’ ಎಂದುಕೊಂಡರೆ ಅದೇ ಔಷಧಿ ಎರಡನೇ ಸಲ ಹೋಗಬಹುದು. ‘ಜೋಲ್’ ಅನ್ನು ‘ಹಾಟ್’ ಎಂದುಕೊಂಡರೆ ಡೋಸ್ ತಪ್ಪಿಹೋಗಬಹುದು.

ಅನುಮಾನ ಬಂದರೆ ಅಲ್ಲೇ ಕೇಳಬೇಕು: ‘ಹಾಟ್ ಜೀ ಡಾಸ್ ಶೋನ್ ಬೆಕೊಮ್ಮನ್?’ (ಅವರಿಗೆ ಇದನ್ನು ಆಗಲೇ ಕೊಟ್ಟಾಗಿದೆಯೇ?) ಉತ್ತರ ಸಿಕ್ಕ ಮೇಲೂ ದಾಖಲೆಯಲ್ಲಿ ಸಮಯ ಮತ್ತು ಸಹಿ ನೋಡಿಯೇ ಔಷಧಿ ಮುಟ್ಟಬೇಕು.

ನಮ್ಮ ತೀರ್ಮಾನ

ವಾಕ್ಯಗಳ ಪಟ್ಟಿ ಅಭ್ಯಾಸಕ್ಕೆ ಉಪಯುಕ್ತ, ಆದರೆ ‘ಇಷ್ಟೇ ಸಾಕು’ ಎಂಬ ಮಾತು ತಪ್ಪು. ಇಂಥ ಪಟ್ಟಿಯನ್ನು ಹಂಚಿಕೊಳ್ಳುವುದಾದರೆ ಒಂದು ಎಚ್ಚರಿಕೆ: ಮಾದರಿಗೆಂದು ನಿಜವಾದ ರೋಗಿಯ ಹೆಸರಿರುವ ಚೀಟಿಯ ಫೋಟೋ ಕಳಿಸಬೇಡಿ. ರೋಗಿಯ ಗುಟ್ಟು ಬಯಲು ಮಾಡುವ ನರ್ಸ್‌ಗೆ ಜರ್ಮನ್ ದಂಡ ಸಂಹಿತೆಯ 203ನೇ ಕಲಂ ಅಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು.