ತಾಲ್ಚೇರ್–ಕೋಲಾರ ವಿದ್ಯುನ್ಮಾರ್ಗವೂ ದ್ವಾದಶಸ್ಪಂದ ಪರಿವರ್ತಕವೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ದೀಪಗಳನ್ನೂ ವಿದ್ಯುನ್ಮಗ್ಗಗಳನ್ನೂ ನಡೆಸುವ ದಕ್ಷಿಣ ಭಾರತದ ವಿದ್ಯುಜ್ಜಾಲವು 2013ರ ಡಿಸೆಂಬರ್ 31ರವರೆಗೆ ದೇಶದ ಉಳಿದ ಜಾಲದೊಡನೆ ಒಂದೇ ತಾಳದಲ್ಲಿ ನಡೆಯುತ್ತಿರಲಿಲ್ಲ. ಆ ದಿನ ರಾಯಚೂರು–ಸೊಲ್ಲಾಪುರ ಮಾರ್ಗವು ಎರಡನ್ನೂ ಬೆಸೆಯಿತು. ಅದಕ್ಕೆ ಮೊದಲು ಎರಡು ಜಾಲಗಳ ಆವರ್ತನಗಳು ತಂತಮ್ಮಷ್ಟಕ್ಕೆ ಏರಿಳಿಯುತ್ತಿದ್ದುದರಿಂದ ಹೆಚ್ಚಿನ ಶಕ್ತಿಯನ್ನು ಸಾಗಿಸಲು ನೇರ ವಿದ್ಯುತ್ಪ್ರವಾಹವನ್ನೇ ಆಶ್ರಯಿಸಬೇಕಾಗಿತ್ತು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸುಮಾರು 1,370 ಕಿಲೋಮೀಟರು ಸಾಗಿಬರುವ, ಧನ–ಋಣ 500 ಕಿಲೋವೋಲ್ಟುಗಳ ಮಾರ್ಗವು 2003ರಲ್ಲಿ ಕಾರ್ಯಾರಂಭ ಮಾಡಿದ್ದು ಈ ಹಿನ್ನೆಲೆಯಲ್ಲಿ. ಮೊದಲು 2,000 ಮೆಗಾವಾಟ್ ಇದ್ದ ಅದರ ಸಾಮರ್ಥ್ಯ 2007ರಲ್ಲಿ 2,500ಕ್ಕೆ ಏರಿತು.

ತಾಲ್ಚೇರಿನಲ್ಲಿ ಪರ್ಯಾಯ ಪ್ರವಾಹವನ್ನು ನೇರವಾಗಿಸುವುದೂ ಕೋಲಾರದಲ್ಲಿ ಮರಳಿ ಪರ್ಯಾಯವಾಗಿಸುವುದೂ ಥೈರಿಸ್ಟರ್ ಸೇತುವೆಗಳ ಕೆಲಸ. ಆರು ಕವಾಟಗಳ ಒಂದು ಸೇತುವೆಯು ಪ್ರತಿ ತಂತಿಯಿಂದ ಪ್ರವಾಹವನ್ನು ನಯವಾದ ಅಲೆಯಾಗಿ ಸೆಳೆಯದೆ 120 ಅಂಶಗಳಷ್ಟು ಅಗಲದ ತುಂಡುಗಳಾಗಿ ಸೆಳೆಯುತ್ತದೆ. ಇಂತಹ ತುಂಡನ್ನು ಬಿಡಿಸಿ ನೋಡಿದರೆ, 50 ಆವರ್ತನದ ಮೂಲ ಅಲೆಯ ಜೊತೆಗೆ ಅದರ ಐದನೆಯ ಒಂದು ಪಾಲಿನಷ್ಟು ಪಂಚಮ ಹಾರ್ಮೋನಿಕ್ಕೂ, ಏಳನೆಯ ಒಂದು ಪಾಲಿನಷ್ಟು ಸಪ್ತಮವೂ, ಮುಂದೆ ಹನ್ನೊಂದನೆಯದು, ಹದಿಮೂರನೆಯದು ಇತ್ಯಾದಿಗಳೂ ದೊರೆಯುತ್ತವೆ. ಮೂಲ ಪ್ರವಾಹ 100 ಆಂಪಿಯರ್ ಎಂದಿಟ್ಟುಕೊಂಡರೆ ಪಂಚಮ 20, ಸಪ್ತಮ ಸುಮಾರು 14. ಇವನ್ನು ಜಾಲಕ್ಕೆ ಬಿಟ್ಟರೆ ಯಂತ್ರಗಳು ವೃಥಾ ಕಾಯುತ್ತವೆ.

ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಒಂದರ ಬದಲು ಎರಡು ಸೇತುವೆಗಳನ್ನಿಟ್ಟು, ಒಂದಕ್ಕೆ ನಕ್ಷತ್ರ ಜೋಡಣೆಯ ಸುರುಳಿಯಿಂದಲೂ ಇನ್ನೊಂದಕ್ಕೆ ಡೆಲ್ಟಾ, ಅಂದರೆ ತ್ರಿಕೋಣ, ಜೋಡಣೆಯ ಸುರುಳಿಯಿಂದಲೂ ವಿದ್ಯುತ್ತು ಒದಗಿಸುವುದು. ಕೋಲಾರದ ಪರಿವರ್ತಕಗಳು ಒಂದೇ ಫೇಸಿನ, ಮೂರು ಸುರುಳಿಗಳ ಘಟಕಗಳು. ಅಂತಹ ಮೂರನ್ನು ಕೂಡಿಸಿ ಹೊರಗಿನಿಂದ ಈ ಎರಡು ಜೋಡಣೆಗಳನ್ನು ರಚಿಸುತ್ತಾರೆ. ಎರಡೂ ಕಡೆ ತಂತಿಯಿಂದ ತಂತಿಗೆ ವೋಲ್ಟೇಜು ಸಮನಾಗಿರಬೇಕಾದ ಕಾರಣ ಡೆಲ್ಟಾದ ಸುತ್ತುಗಳು ನಕ್ಷತ್ರದ ಸುತ್ತುಗಳ 1.732 ಪಟ್ಟು ಇರುತ್ತವೆ. ಡೆಲ್ಟಾದ ವೋಲ್ಟೇಜು 30 ಅಂಶ ಹಿಂದೆ ನಿಲ್ಲುವುದರಿಂದ ಅದರ ಸೇತುವೆಯೂ 30 ಅಂಶ ತಡವಾಗಿ ನಡೆಯುತ್ತದೆ. ಹೀಗೆ ಒಂದು ಆವರ್ತದಲ್ಲಿ ಹನ್ನೆರಡು ಸ್ಪಂದಗಳು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂಶಯ ಬರುವುದು ಸಹಜ. ಮೂಲ ಅಲೆ 30 ಅಂಶ ತಡವಾದರೆ ಪಂಚಮವು ಅದರ ಐದು ಪಟ್ಟು, ಅಂದರೆ 150 ಅಂಶ ತಡವಾದೀತು. ಪೂರ್ಣವಾಗಿ ಅಳಿಯಲು 180 ಬೇಕಲ್ಲವೆ? ಉಳಿದ 30 ಅಂಶವನ್ನು ಒದಗಿಸುವುದು ಪರಿವರ್ತಕವೇ. ಮೂರು ಫೇಸುಗಳು 120 ಅಂಶಗಳ ಅಂತರದಲ್ಲಿರುವುದಷ್ಟೆ. ಪಂಚಮಕ್ಕೆ ಈ ಅಂತರ 600, ಅಂದರೆ 240 ಅಂಶವಾಗಿ, ಅದರ ಫೇಸುಗಳ ಸರದಿ ತಿರುಗುಮುರುಗಾಗುತ್ತದೆ. ಸಪ್ತಮಕ್ಕೆ 840, ಅಂದರೆ ಪುನಃ 120 ಆಗಿ, ಸರದಿ ನೇರವಾಗಿಯೇ ಉಳಿಯುತ್ತದೆ. ಡೆಲ್ಟಾದಿಂದ ಪ್ರಾಥಮಿಕ ಸುರುಳಿಗೆ ದಾಟುವಾಗ ನೇರ ಸರದಿಯ ಪ್ರವಾಹವು 30 ಅಂಶ ಮುಂದಕ್ಕೂ ತಿರುಗು ಸರದಿಯದು 30 ಅಂಶ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ಮೂಲ ಅಲೆ ತನ್ನ ಸ್ಥಾನಕ್ಕೆ ಮರಳಿ ನಕ್ಷತ್ರದ ಪಾಲಿನೊಡನೆ ಕೂಡುತ್ತದೆ. ಪಂಚಮವು 150ಕ್ಕೆ 30 ಸೇರಿ 180, ಸಪ್ತಮವು 210ರಲ್ಲಿ 30 ಕಳೆದು 180. ಎರಡೂ ನಕ್ಷತ್ರದ ಪಾಲಿಗೆ ನೇರ ವಿರುದ್ಧವಾಗಿ ನಿಂತು ಅಳಿಯುತ್ತವೆ. ಹನ್ನೊಂದು, ಹದಿಮೂರುಗಳಿಗೆ ಇದೇ ಲೆಕ್ಕ ಹಾಕಿದರೆ 360 ಬರುತ್ತದೆ. ಅವು ಕೂಡಿಕೊಳ್ಳುತ್ತವೆ, ಅವಕ್ಕೆ ಫಿಲ್ಟರುಗಳೇ ಗತಿ.

ಅಳಿಯುವಿಕೆ ನಡೆಯುವುದು ಪ್ರಾಥಮಿಕದಲ್ಲಿ ಮಾತ್ರವೆಂಬುದನ್ನು ಮರೆಯಬಾರದು. ನಕ್ಷತ್ರ, ಡೆಲ್ಟಾ ಸುರುಳಿಗಳೆರಡೂ ತಮ್ಮ ಪಂಚಮವನ್ನು ಹೊತ್ತೇ ಇರುತ್ತವೆ, ಅದರಿಂದ ಕಾಯುತ್ತವೆ.

ಲೆಕ್ಕದ ಈ ಪರಿಪೂರ್ಣತೆ ಯಂತ್ರದಲ್ಲಿ ದೊರೆಯುವುದಿಲ್ಲ. 1.732 ಎಂಬುದು ಪೂರ್ಣಸಂಖ್ಯೆಗಳ ಅನುಪಾತವಲ್ಲ. ಸಣ್ಣ ಪರಿವರ್ತಕದಲ್ಲಿ 4ಕ್ಕೆ 7 ಸುತ್ತು ಹಾಕಿದರೆ 1.75 ಆಗಿ ಶೇಕಡಾ ಒಂದರಷ್ಟು ತಪ್ಪು ಉಳಿಯುತ್ತದೆ. 56ಕ್ಕೆ 97 ಹಾಕುವಷ್ಟು ಸುತ್ತುಗಳಿದ್ದರೆ ತಪ್ಪು ನಗಣ್ಯ. ಕೋಲಾರದಲ್ಲಿ ಎರಡು ಸೇತುವೆಗಳೂ ಸರಣಿಯಲ್ಲಿರುವುದರಿಂದ ಎರಡರಲ್ಲಿಯೂ ಒಂದೇ ನೇರ ಪ್ರವಾಹ ಹರಿಯುವುದು ದೊಡ್ಡ ಅನುಕೂಲ. ಸಮಾಂತರ ಜೋಡಣೆಯಲ್ಲಿ ಒಂದು 100, ಇನ್ನೊಂದು 90 ಆಂಪಿಯರ್ ಹೊತ್ತರೆ ಪಂಚಮದಲ್ಲಿ 20ರಿಂದ 18 ಕಳೆದು 2 ಉಳಿದೇ ಉಳಿಯುತ್ತದೆ. ಆದರೆ ಸರಣಿಯಲ್ಲಿಯೂ ಕವಾಟ ತೆರೆಯುವ ಕ್ಷಣದ ತಪ್ಪು ತಪ್ಪದು. ಒಂದು ಸೇತುವೆ ಕೇವಲ ಒಂದು ಅಂಶ ತಡವಾದರೂ ಪಂಚಮದಲ್ಲಿ ಅದು ಐದು ಅಂಶವಾಗಿ, 20ರಲ್ಲಿ ಸುಮಾರು 1.7 ಆಂಪಿಯರ್ ಅಳಿಯದೆ ಉಳಿಯುತ್ತದೆ.

ಪ್ರಾಥಮಿಕದ ಪ್ರವಾಹದಲ್ಲಿ 250 ಆವರ್ತನದ ಅಂಶ ಕಂಡೊಡನೆ ಪರಿವರ್ತಕವನ್ನೇ ದೂಷಿಸುವುದು ಮಾತ್ರ ಆತುರವಾದೀತು. ನೇರ ಪ್ರವಾಹವನ್ನು ಹೆಚ್ಚಿಸಿದಂತೆ ಅದೂ ಹೆಚ್ಚಿದರೆ ದೋಷ ಸೇತುವೆಗಳ ಅಸಮತೆಯದು. ಸೇತುವೆಗಳನ್ನು ನಿಲ್ಲಿಸಿದ ಮೇಲೂ ವೋಲ್ಟೇಜಿನಲ್ಲಿ ಅದೇ ಅಂಶ ಉಳಿದಿದ್ದರೆ ಅದು ಜಾಲದಿಂದ ಬಂದದ್ದು.