ಕಾರ್ಯಸೂಚಿ ಇಮೇಲ್

ಕಾರ್ಯಸೂಚಿ ಇಮೇಲ್ ಎಂದರೆ ಸಭೆ ಕರೆದವರು ಸದಸ್ಯರಿಗೆ ಮುಂಚಿತವಾಗಿ ಕಳುಹಿಸುವ ಪತ್ರ. ಸಭೆ ಮುಗಿಯುವ ಹೊತ್ತಿಗೆ ಏನಾಗಿರಬೇಕು, ಯಾವ ವಿಷಯಕ್ಕೆ ಎಷ್ಟು ನಿಮಿಷ, ಯಾರು ಏನನ್ನು ಓದಿಕೊಂಡು ಅಥವಾ ಸಿದ್ಧಪಡಿಸಿಕೊಂಡು ಬರಬೇಕು ಎಂಬ ಮೂರು ಸಂಗತಿಗಳು ಅದರಲ್ಲಿರುತ್ತವೆ. ಸಭೆಯ ನೋಟಿಸು ದಿನ, ವೇಳೆ, ಸ್ಥಳವನ್ನಷ್ಟೇ ತಿಳಿಸಿದರೂ ನಡೆಯುತ್ತದೆ. ಕಾರ್ಯಸೂಚಿ ಇಮೇಲ್ ಸಭೆಯ ಒಳಗಿನ ಕೆಲಸವನ್ನು ತಿಳಿಸುತ್ತದೆ. ಅದರ ಮೂರು ಭಾಗಗಳು ಒಂದನ್ನೊಂದು ಅವಲಂಬಿಸಿವೆ: ಉದ್ದೇಶ ಗೊತ್ತಾಗದೆ ಸಮಯವನ್ನು ಲೆಕ್ಕಹಾಕಲು ಆಗುವುದಿಲ್ಲ, ಸಿದ್ಧತೆ ಆಗದಿದ್ದರೆ ಹಾಕಿದ ಲೆಕ್ಕ ಉಳಿಯುವುದಿಲ್ಲ.

ಹಿನ್ನೆಲೆ ಮತ್ತು ನಿಯಮಗಳು

ಸಂಘ-ಸಂಸ್ಥೆಗಳ ಸಭಾ ನೋಟಿಸಿನಲ್ಲಿ ‘ಹಿಂದಿನ ಸಭೆಯ ನಡವಳಿಗಳನ್ನು ಓದಿ ದೃಢೀಕರಿಸುವುದು’ ಎಂದು ಆರಂಭವಾಗಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂದು ಮುಗಿಯುವ ಪಟ್ಟಿ ಕರ್ನಾಟಕದಲ್ಲಿ ಎಲ್ಲರಿಗೂ ಪರಿಚಿತ. ಇಂಥ ಪಟ್ಟಿಯಲ್ಲಿ ವಿಷಯಗಳ ಹೆಸರು ಇರುತ್ತದೆ. ಸಮಯ ಮತ್ತು ಸಿದ್ಧತೆಯ ವಿವರ ಸಾಮಾನ್ಯವಾಗಿ ಇರುವುದಿಲ್ಲ.

ಭಾರತದ ಕಂಪನಿಗಳ ನಿರ್ದೇಶಕ ಮಂಡಳಿಗೆ ನಿಯಮ ಇದಕ್ಕಿಂತ ಬಿಗಿಯಾಗಿದೆ. 2013ರ ಕಂಪನಿ ಕಾಯ್ದೆಯ 173(3)ನೇ ಕಲಮಿನಂತೆ ಪ್ರತಿ ನಿರ್ದೇಶಕರಿಗೂ ಕನಿಷ್ಠ 7 ದಿನ ಮೊದಲು ಲಿಖಿತ ನೋಟಿಸು ಹೋಗಬೇಕು. ಅದನ್ನು ಕೈಯಲ್ಲೇ ಕೊಡಬಹುದು, ಅಂಚೆಯಲ್ಲಿ ಅಥವಾ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕಳುಹಿಸಬಹುದು. ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ರೂಪಿಸಿದ ಮೊದಲ ಸೆಕ್ರೆಟೇರಿಯಲ್ ಮಾನದಂಡ, ಅಂದರೆ ಎಸ್‌ಎಸ್-1, ಕಾರ್ಯಸೂಚಿಯ ಜೊತೆಗೆ ವಿಷಯವಾರು ಟಿಪ್ಪಣಿಯೂ ಇರಬೇಕೆಂದು ಹೇಳುತ್ತದೆ. ಒಪ್ಪಿಗೆ ಬೇಕಾದ ವಿಷಯವಾದರೆ ಪ್ರಸ್ತಾವದ ವಿವರ ಮತ್ತು ಅದನ್ನು ತೂಗಿ ನೋಡಲು ಬೇಕಾದ ಸಂಗತಿಗಳು ಆ ಟಿಪ್ಪಣಿಯಲ್ಲಿರಬೇಕು.

ಅಂತರಜಾಲದ ತಾಂತ್ರಿಕ ಮಾನಕಗಳನ್ನು ರೂಪಿಸುವ ಐಇಟಿಎಫ್ 1998ರ RFC 2418 ಕಡತದಲ್ಲಿ ತನ್ನ ಕಾರ್ಯತಂಡಗಳಿಗೆ ಇನ್ನೂ ನೇರವಾದ ನಿಯಮ ಹಾಕಿತು. ತಂಡದ ಅಧ್ಯಕ್ಷರು ಸಭೆಗೆ ಸಾಕಷ್ಟು ಮೊದಲೇ ಕರಡು ಕಾರ್ಯಸೂಚಿಯನ್ನು ಪ್ರಕಟಿಸಬೇಕು. ಚರ್ಚೆಯ ವಿಷಯಗಳು, ಪ್ರತಿ ವಿಷಯಕ್ಕೆ ಬೇಕಾಗುವ ಅಂದಾಜು ಸಮಯ, ಸದಸ್ಯರು ಮೊದಲೇ ಓದಿರಬೇಕಾದ ಕಡತಗಳು ಇವಿಷ್ಟಾದರೂ ಅದರಲ್ಲಿ ಇರಬೇಕು. ಇಂದಿನ ಕಚೇರಿಗಳ ಕಾರ್ಯಸೂಚಿ ಇಮೇಲ್‌ನ ಸ್ವರೂಪವೂ ಬಹುಮಟ್ಟಿಗೆ ಇದೇ.

ಉದ್ದೇಶವನ್ನು ಬರೆಯುವ ಕ್ರಮ

ಕೊಳಚೆ ನೀರು ಶುದ್ಧೀಕರಣ ಘಟಕದ, ಅಂದರೆ ಎಸ್‌ಟಿಪಿಯ, ನಿರ್ವಹಣೆಯ ಬಗ್ಗೆ ‘ಎಸ್‌ಟಿಪಿ ಗುತ್ತಿಗೆ’ ಎಂದಷ್ಟೇ ಬರೆದರೆ ವಿಷಯದ ಹೆಸರು ತಿಳಿಯುತ್ತದೆ, ಸಭೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಒಬ್ಬರು ವರದಿ ಕೇಳಲು ಬಂದಿರುತ್ತಾರೆ, ಇನ್ನೊಬ್ಬರು ಹಳೆಯ ಗುತ್ತಿಗೆದಾರರ ಮೇಲಿನ ದೂರು ಹೇಳಲು, ಮತ್ತೊಬ್ಬರು ಸಹಿ ಹಾಕಲು. ಬ್ರಿಟಿಷ್ ಲೇಖಕ ಆಂಟನಿ ಜೇ 1976ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಗೆ ಬರೆದ ಲೇಖನದಲ್ಲಿ, ಪ್ರತಿ ವಿಷಯದ ಮುಂದೆ ಅದು ಮಾಹಿತಿಗಾಗಿಯೋ, ಚರ್ಚೆಗಾಗಿಯೋ, ತೀರ್ಮಾನಕ್ಕಾಗಿಯೋ ಎಂದು ಗುರುತು ಹಾಕಬೇಕೆಂದು ಸೂಚಿಸಿದರು. ವಿಷಯವನ್ನು ಪ್ರಶ್ನೆಯಾಗಿ ಬರೆಯುವುದು ಮತ್ತೊಂದು ರೂಢಿ. ‘ಮುಂದಿನ ಒಂದು ವರ್ಷದ ಎಸ್‌ಟಿಪಿ ನಿರ್ವಹಣೆಯನ್ನು ಮೂವರಲ್ಲಿ ಯಾರಿಗೆ ಕೊಡಬೇಕು?’ ಎಂದು ಕೇಳಿದರೆ ಉತ್ತರ ಸಿಕ್ಕಿತೋ ಇಲ್ಲವೋ ಎಂಬುದು ಸಭೆಯ ಕೊನೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಬರೆಯುವವರಿಗೆ ಪ್ರಶ್ನೆಯೇ ಹೊಳೆಯದಿದ್ದರೆ ಆ ವಿಷಯ ಇನ್ನೂ ಸಭೆಗೆ ತರುವಷ್ಟು ಮಾಗಿಲ್ಲ.

ಸಮಯದ ಹಂಚಿಕೆ

ನಿಮಿಷ ನಮೂದಿಸದ ಪಟ್ಟಿಯಲ್ಲಿ ಸಮಯವು ವಿಷಯದ ತೂಕಕ್ಕೆ ತಕ್ಕಂತೆ ಹಂಚಿಕೆಯಾಗುವುದಿಲ್ಲ. ಮಾತಾಡುವುದು ಎಷ್ಟು ಸುಲಭವೋ ಅಷ್ಟು ಹಿಗ್ಗುತ್ತದೆ. ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರ ತಮ್ಮ ‘ಪಾರ್ಕಿನ್‌ಸನ್ಸ್ ಲಾ’ ಪುಸ್ತಕದಲ್ಲಿ ಇದನ್ನು ವಿಡಂಬನೆಯಾಗಿ ಚಿತ್ರಿಸಿದ್ದಾರೆ. ಅವರು ಕಲ್ಪಿಸಿದ ಸಮಿತಿ ಪರಮಾಣು ರಿಯಾಕ್ಟರಿನ ಭಾರಿ ವೆಚ್ಚಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ವಾದ ಮಾಡುತ್ತದೆ. ರಿಯಾಕ್ಟರ್ ಅರ್ಥವಾಗುವವರು ಕಡಿಮೆ. ಶೆಡ್ಡಿನ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ.

ನಿಮಿಷಗಳನ್ನು ಅಂದಾಜಿಗೆ ಹಾಕುವ ಬದಲು ಕೆಲಸವನ್ನು ಬಿಡಿಸಿ ಕೂಡಿಸುವುದು ಸರಿಯಾದ ವಿಧಾನ. ತೀರ್ಮಾನದ ವಿಷಯವಾದರೆ ಪ್ರಸ್ತಾವ ಮಂಡನೆ, ಪ್ರತಿ ಸದಸ್ಯರ ಮಾತು, ಭಿನ್ನಾಭಿಪ್ರಾಯದ ಚರ್ಚೆ, ತೀರ್ಮಾನವನ್ನು ವಾಕ್ಯವಾಗಿ ಬರೆದು ಓದಿ ಒಪ್ಪಿಸುವುದು ಎಂಬ ನಾಲ್ಕು ಹಂತಗಳಿರುತ್ತವೆ. ಬಂದ ಮೊತ್ತ ಸಭೆಯ ಅವಧಿಯನ್ನು ಮೀರಿದರೆ ವಿಷಯವನ್ನು ಕೈಬಿಡಬೇಕು, ನಿಮಿಷವನ್ನು ಕತ್ತರಿಸಿದರೆ ಪ್ರಯೋಜನವಿಲ್ಲ. ಭಾರವಾದ ವಿಷಯವನ್ನು ಮೊದಲ ಅರ್ಧದಲ್ಲಿ ಇಡುವುದು ವಾಡಿಕೆ; ಸದಸ್ಯರ ಚುರುಕು ಆಗಲೇ ಹೆಚ್ಚು.

ಪೂರ್ವಸಿದ್ಧತೆ

‘ದಯವಿಟ್ಟು ಲಗತ್ತುಗಳನ್ನು ನೋಡಿಕೊಂಡು ಬನ್ನಿ’ ಎಂಬ ಸಾಲು ಯಾರ ಹೆಗಲಿಗೂ ಕೆಲಸ ಹೊರಿಸುವುದಿಲ್ಲ. ಪಾಲನೆಯಾಗುವ ಸೂಚನೆಯಲ್ಲಿ ವ್ಯಕ್ತಿ, ಕಡತ, ಪುಟ, ಗಡುವು ಸ್ಪಷ್ಟವಾಗಿರುತ್ತವೆ. ಎಲ್ಲರೂ ಓದಬೇಕಾದದ್ದು ಬೇರೆ, ಒಬ್ಬರೇ ಸಿದ್ಧಪಡಿಸಿ ತರಬೇಕಾದದ್ದು ಬೇರೆ; ಇವೆರಡನ್ನೂ ಕಲೆಸಬಾರದು. ಓದಿದ ಮೇಲೆ ಮಾಡಬೇಕಾದ ಒಂದು ಚಿಕ್ಕ ಕೆಲಸವನ್ನೂ ಜೊತೆಗಿಟ್ಟರೆ, ಉದಾಹರಣೆಗೆ ತಮ್ಮ ಮೊದಲ ಆಯ್ಕೆಯನ್ನು ಹಿಂದಿನ ಸಂಜೆಯೊಳಗೆ ಉತ್ತರಿಸಬೇಕೆಂದು ಕೇಳಿದರೆ, ಓದಿದವರು ಯಾರು, ಓದದವರು ಯಾರು ಎಂಬುದು ಸಭೆಗೆ ಮೊದಲೇ ತಿಳಿಯುತ್ತದೆ.

ಒಂದು ಉದಾಹರಣೆ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘವನ್ನು ಕಲ್ಪಿಸಿಕೊಳ್ಳಬಹುದು. ವ್ಯವಸ್ಥಾಪಕ ಸಮಿತಿಯಲ್ಲಿ 7 ಮಂದಿ, ಸಭೆ 1 ಗಂಟೆ. ಎಸ್‌ಟಿಪಿಯ ನಿರ್ವಹಣಾ ಗುತ್ತಿಗೆ ತಿಂಗಳ ಕೊನೆಗೆ ಮುಗಿಯಲಿದೆ. ಮೂರು ಕೊಟೇಶನ್ ಬಂದಿವೆ. ಕಾರ್ಯದರ್ಶಿ ಬುಧವಾರ ಕಳುಹಿಸುವ ಪತ್ರ ಹೀಗಿರಬಹುದು:

ವಿಷಯ: ಕಾರ್ಯಸೂಚಿ – ಸಮಿತಿ ಸಭೆ, ಶನಿವಾರ ಬೆಳಿಗ್ಗೆ 10:30–11:30 – ಶುಕ್ರವಾರ ಸಂಜೆ 6ರೊಳಗೆ ಉತ್ತರ ಬೇಕು

ಎಲ್ಲ ಸದಸ್ಯರಿಗೂ ನಮಸ್ಕಾರ.

ಉದ್ದೇಶ: ಸಭೆ ಮುಗಿಯುವಾಗ ಎಸ್‌ಟಿಪಿ ಗುತ್ತಿಗೆ ಯಾರಿಗೆ ಎಂಬುದು ತೀರ್ಮಾನವಾಗಿರಬೇಕು. ಒಮ್ಮತ ಬಾರದಿದ್ದರೆ ಬಹುಮತ.

1. 10:30–10:35: ಹಿಂದಿನ ಸಭೆಯ ನಡವಳಿ ದೃಢೀಕರಣ. ಕಾರ್ಯದರ್ಶಿ.
2. 10:35–11:00: ಎಸ್‌ಟಿಪಿ ನಿರ್ವಹಣೆ ಮೂವರಲ್ಲಿ ಯಾರಿಗೆ? ತೀರ್ಮಾನ. ಉಪಾಧ್ಯಕ್ಷರು.
3. 11:00–11:15: ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚನ್ನು ಹೇಗೆ ಹಂಚಬೇಕು? ಚರ್ಚೆ ಮಾತ್ರ. ಖಜಾಂಚಿ.
4. 11:15–11:20: ನಿರ್ವಹಣಾ ಶುಲ್ಕದ ಬಾಕಿ. ಮಾಹಿತಿ. ಖಜಾಂಚಿ.
5. 11:20–11:30: ಒಪ್ಪಿದ ಕೆಲಸಗಳು, ಹೊಣೆ, ಗಡುವು. ಅಧ್ಯಕ್ಷರು.

ಸಿದ್ಧತೆ, ಎಲ್ಲರಿಗೂ: ಲಗತ್ತು 1, ಕೊಟೇಶನ್‌ಗಳ ಹೋಲಿಕೆ ಪಟ್ಟಿ, 2 ಪುಟ. ಓದಿ, ನಿಮ್ಮ ಮೊದಲ ಆಯ್ಕೆಯನ್ನು ಈ ಪತ್ರಕ್ಕೇ ಉತ್ತರಿಸಿ.
ಸಿದ್ಧತೆ, ಖಜಾಂಚಿಯವರಿಗೆ: ಕಳೆದ ಬೇಸಿಗೆಯ ಟ್ಯಾಂಕರ್ ಬಿಲ್ಲುಗಳ ತಿಂಗಳವಾರು ಮೊತ್ತ.

ಎರಡನೇ ವಿಷಯದ 25 ನಿಮಿಷ ಬಂದದ್ದು ಹೀಗೆ: ಮಂಡನೆಗೆ 3, ತಲಾ 2 ನಿಮಿಷದಂತೆ 7 ಮಂದಿಗೆ 14, ಚರ್ಚೆಗೆ 5, ತೀರ್ಮಾನವನ್ನು ಬರೆದು ಒಪ್ಪಿಸಲು 3. ಮಂಡನೆ 3 ನಿಮಿಷದಲ್ಲಿ ಮುಗಿಯಬೇಕಾದರೆ ಹೋಲಿಕೆ ಪಟ್ಟಿಯನ್ನು ಎಲ್ಲರೂ ಓದಿರಬೇಕು. ಕೊಟೇಶನ್‌ಗಳ ತಿಂಗಳ ಮೊತ್ತ ನೋಡಿದರೆ ಸಾಲದು: ಕೆಸರು ಸಾಗಿಸುವ ಖರ್ಚು, ರಾಸಾಯನಿಕ, ಆಪರೇಟರಿನ ಪಾಳಿ, ಶುದ್ಧೀಕರಿಸಿದ ನೀರಿನ ಪ್ರಯೋಗಾಲಯ ಪರೀಕ್ಷೆ ಇವು ಒಬ್ಬರ ದರದೊಳಗೆ ಸೇರಿರುತ್ತವೆ, ಇನ್ನೊಬ್ಬರದರಲ್ಲಿ ಹೊರಗಿರುತ್ತವೆ. ಇದನ್ನು ಸಭೆಯಲ್ಲೇ ಬಿಡಿಸಿ ಹೇಳಲು ಹೊರಟರೆ ಮಂಡನೆಯೇ 15 ನಿಮಿಷ ಹಿಡಿಯುತ್ತದೆ. ಆಗ ವಿಷಯಕ್ಕೆ ಬೇಕಾಗುವುದು 37 ನಿಮಿಷ. ಹೆಚ್ಚಿನ 12 ನಿಮಿಷ ಟ್ಯಾಂಕರ್ ಚರ್ಚೆಯನ್ನು ಬಹುಪಾಲು ನುಂಗುತ್ತದೆ, ಇಲ್ಲವೇ ಗುತ್ತಿಗೆಯ ತೀರ್ಮಾನವೇ ಮುಂದಿನ ಸಭೆಗೆ ಹೋಗುತ್ತದೆ.

ಶುಕ್ರವಾರ ಸಂಜೆಗೆ 5 ಮಂದಿ ಒಂದೇ ಹೆಸರು ಬರೆದಿದ್ದರೆ ಕಾರ್ಯದರ್ಶಿ 2ನೇ ವಿಷಯವನ್ನು ಕಿರಿದುಗೊಳಿಸಬಹುದು. ಇಬ್ಬರೇ ಉತ್ತರಿಸಿದ್ದರೆ 4ನೇ ವಿಷಯವನ್ನು ಬರಹದ ವರದಿಯಾಗಿಸಿ, ಹೋಲಿಕೆ ಪಟ್ಟಿಯನ್ನು ಸಭೆಯಲ್ಲೇ ಓದಲು ಆ 5 ನಿಮಿಷವನ್ನು ಕೊಡಬಹುದು.

ಕಳುಹಿಸುವ ಸಮಯ ಮತ್ತು ತಿದ್ದುಪಡಿ

ಕಾನೂನಿನ ಗಡುವು ಇಲ್ಲದ ಸಭೆಗೆ ಎರಡು ಮೂರು ದಿನ ಮೊದಲು ಕಳುಹಿಸುವುದು ಸರಿಯೆಂದು ಜೇ ಬರೆದಿದ್ದಾರೆ. ತುಂಬಾ ಬೇಗ ಕಳುಹಿಸಿದರೆ ಶಿಸ್ತಿಲ್ಲದ ಸದಸ್ಯರು ಅದನ್ನು ಮರೆಯುತ್ತಾರೆ ಅಥವಾ ಕಳೆದುಕೊಳ್ಳುತ್ತಾರೆ. ಓದಬೇಕಾದ ಕಡತ ದೊಡ್ಡದಾಗಿದ್ದರೆ ಹೆಚ್ಚು ದಿನ ಬೇಕು.

ಕಳುಹಿಸಿದ ಮೇಲೆ ಬದಲಾವಣೆ ಮಾಡಿದರೆ ಏನು ಬದಲಾಯಿತೆಂದು ಮೊದಲ ಸಾಲಿನಲ್ಲೇ ಹೇಳಬೇಕು. ಕ್ಯಾಲೆಂಡರ್ ಆಹ್ವಾನದೊಳಗೆ ಒಂದು ಪಟ್ಟಿ, ಇಮೇಲ್‌ನಲ್ಲಿ ಇನ್ನೊಂದು ಪಟ್ಟಿ ಉಳಿದರೆ ಸದಸ್ಯರು ಬೇರೆ ಬೇರೆ ಸಭೆಗೆ ಸಿದ್ಧರಾಗಿ ಬರುತ್ತಾರೆ. ಕಡತವನ್ನು ಕೊಂಡಿಯಾಗಿ ಕೊಟ್ಟಿದ್ದರೆ ಅದನ್ನು ತೆರೆಯುವ ಅನುಮತಿ ಎಲ್ಲರಿಗೂ ಇದೆಯೇ ಎಂದು ನೋಡಿಕೊಳ್ಳಬೇಕು. ಅಮೆರಿಕದಲ್ಲಿರುವವರೂ ಸೇರುವ ಸಭೆಯಾದರೆ ಎರಡೂ ಕಡೆಯ ವೇಳೆಯನ್ನು ಬರೆಯುವುದು ಅಗತ್ಯ. ಅಲ್ಲಿನ ಬಹುಪಾಲು ಪ್ರದೇಶಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿನ ವೇಳೆಗೆ ಗೊತ್ತುಮಾಡಿದ ಸಭೆ ಅಂದಿನಿಂದ ಭಾರತದಲ್ಲಿ ಒಂದು ಗಂಟೆ ಮೊದಲೇ ಬರುತ್ತದೆ.

ದೋಷಗಳು ಮತ್ತು ಅವುಗಳ ಗುರುತು

ಕಾರ್ಯಸೂಚಿ ಕೆಲಸ ಮಾಡಿಲ್ಲವೆಂಬುದು ಸಭೆಯ ಮೊದಲ ಹತ್ತು ನಿಮಿಷದಲ್ಲೇ ಕಾಣುತ್ತದೆ. ಮಂಡನೆಯ ನಡುವೆ ಕಡತದಲ್ಲೇ ಉತ್ತರವಿರುವ ಪ್ರಶ್ನೆಗಳು ಬಂದರೆ ಓದು ನಡೆದಿಲ್ಲ. ‘ಇವತ್ತೇ ತೀರ್ಮಾನ ಮಾಡಬೇಕಾ?’ ಎಂದು ಯಾರಾದರೂ ಕೇಳಿದರೆ ಉದ್ದೇಶ ಸ್ಪಷ್ಟವಾಗಿಲ್ಲ. ಒಂದೇ ವಿಷಯ ಸಭೆಯಿಂದ ಸಭೆಗೆ ದಾಟುತ್ತಿದ್ದರೆ ನಿಮಿಷದ ಲೆಕ್ಕ ತಪ್ಪಿದೆ ಅಥವಾ ತೀರ್ಮಾನಿಸುವ ಅಧಿಕಾರವುಳ್ಳವರು ಸಭೆಯಲ್ಲಿಲ್ಲ. ನಡವಳಿಯಲ್ಲಿ ಪ್ರತಿ ವಿಷಯ ನಿಜವಾಗಿ ಆರಂಭವಾದ ವೇಳೆಯನ್ನು ಬರೆದಿಟ್ಟರೆ ಮುಂದಿನ ಪತ್ರದ ಅಂದಾಜು ಸುಧಾರಿಸುತ್ತದೆ.

‘ಇತರೆ ವಿಷಯಗಳು’ ಎಂಬ ಕೊನೆಯ ಸಾಲು ಮತ್ತೊಂದು ತೊಡಕು. ಯಾರೂ ಸಿದ್ಧರಾಗಿರದ ವಿಷಯ ಅಲ್ಲಿಂದಲೇ ಒಳಬರುತ್ತದೆ. ಎಸ್‌ಎಸ್-1 ಇದನ್ನು ನಿಷೇಧಿಸಿಲ್ಲ. ಕಾರ್ಯಸೂಚಿಯಲ್ಲಿಲ್ಲದ ವಿಷಯವನ್ನು ಎತ್ತಿಕೊಳ್ಳಲು ಅಧ್ಯಕ್ಷರ ಅನುಮತಿ ಮತ್ತು ಹಾಜರಿರುವ ನಿರ್ದೇಶಕರಲ್ಲಿ ಬಹುಮತದ ಒಪ್ಪಿಗೆ ಬೇಕೆನ್ನುತ್ತದೆ. ಸಣ್ಣ ಸಮಿತಿಗಳಲ್ಲಿ ಅಂಥ ವಿಷಯವನ್ನು ಬರೆದುಕೊಂಡು ಮುಂದಿನ ಪಟ್ಟಿಗೆ ಸೇರಿಸುವುದು ಸಾಕಾಗುತ್ತದೆ.

ಮಿತಿಗಳು

ಮುಂಚಿತ ಓದು ನಡೆಯುವುದಿಲ್ಲವೆಂದು ಒಪ್ಪಿಕೊಂಡು ಬೇರೆ ದಾರಿ ಹಿಡಿದ ಸಂಸ್ಥೆಗಳೂ ಇವೆ. ಅಮೆಜಾನ್‌ನ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಆರು ಪುಟಗಳವರೆಗಿನ ಟಿಪ್ಪಣಿಯನ್ನು ಸಭೆಯ ಆರಂಭದಲ್ಲೇ ಎಲ್ಲರೂ ಕುಳಿತು ಮೌನವಾಗಿ ಓದುವ ಪದ್ಧತಿ ಬೆಳೆಯಿತು. ಓದಿನ ಸಮಯ ಅಲ್ಲಿ ಸಭೆಯ ಅವಧಿಯ ಭಾಗವೇ ಆಗಿರುತ್ತದೆ. ತುರ್ತು ಸಭೆಗೂ ದಿನನಿತ್ಯದ ಹತ್ತು ಹದಿನೈದು ನಿಮಿಷದ ತಂಡದ ಸಭೆಗೂ ವಿವರವಾದ ಇಮೇಲ್ ಬೇಕಿಲ್ಲ. ಪಟ್ಟಿಯ ಎಲ್ಲ ವಿಷಯಗಳೂ ಮಾಹಿತಿಗಾಗಿಯೇ ಇದ್ದರೆ ಸಭೆಯನ್ನು ಕೈಬಿಟ್ಟು ಆ ಮಾಹಿತಿಯನ್ನೇ ಇಮೇಲ್‌ನಲ್ಲಿ ಕಳುಹಿಸಬಹುದು.