ಪಾತ್ರೆಯ ಮೇಲಿನ ಹೆಸರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಬ್ಬ, ಮದುವೆ, ನಾಮಕರಣಗಳಿಗೆ ಉಡುಗೊರೆ ಒದಗಿಸುವ ಅಂಗಡಿಯೊಂದನ್ನು ತೆರೆದಿದ್ದಾನೆ. ಕಾಫಿ ಕುಡಿಯುವ ಪಿಂಗಾಣಿ ಲೋಟದ ಮೇಲೆ ಭಾವಚಿತ್ರ, ದಿಂಬಿನ ಮೇಲೆ ಹೆಸರು, ಮರದ ಹಲಗೆಯ ಮೇಲೆ ಶುಭಾಶಯ, ಇವೆಲ್ಲ ಅಲ್ಲಿ ಸಿದ್ಧವಾಗುತ್ತವೆ. "ಬಂದವರು ಮೆಚ್ಚಿಕೊಂಡು ಒಯ್ಯುತ್ತಾರೆ ಸಾರ್, ಆದರೆ ಎರಡನೆಯ ಸಲ ಬರುವುದಿಲ್ಲ" ಎಂದ. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಅವನು ಹೋದ ಮೇಲೆ ಅಡುಗೆಮನೆಯ ಅಟ್ಟದಿಂದ ನಮ್ಮ ಸೋದರಮಾವ ಕೊಟ್ಟ ಹಿತ್ತಾಳೆಯ ತಂಬಿಗೆಯನ್ನು ಇಳಿಸಿ ನೋಡಿದೆ. ಅದರ ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೆತ್ತಿದ ಅಕ್ಷರಗಳಿದ್ದವು. ಉತ್ತರ ಅಲ್ಲಿತ್ತು.

ಆ ತಂಬಿಗೆಯ ಮೇಲಿರುವುದು ಉಡುಗೊರೆ ಪಡೆದ ನಮ್ಮ ಅಕ್ಕನ ಹೆಸರಲ್ಲ, ಕೊಟ್ಟ ಮಾವನ ಹೆಸರು. ನನ್ನ ಶಿಷ್ಯನ ಅಂಗಡಿಯ ಲೋಟದ ಮೇಲೆ ಪಡೆಯುವವರ ಹೆಸರಿರುತ್ತದೆ. ಈ ಒಂದು ವ್ಯತ್ಯಾಸದಲ್ಲಿ ನಮ್ಮ ಉಡುಗೊರೆಯ ವ್ಯಾಪಾರದ ಅರ್ಧ ಚರಿತ್ರೆ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಲೋಹದ ಮೇಲೆ ದಾನಿಯ ಹೆಸರನ್ನು ಬರೆಸುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ದೇವಾಲಯದ ಗಂಟೆ, ದೀಪಸ್ತಂಭ, ಅಭಿಷೇಕದ ಪಾತ್ರೆಗಳನ್ನು ಗಮನವಿಟ್ಟು ನೋಡಿದರೆ ಎಷ್ಟೋ ಕಡೆ 'ಇಂಥವರ ಸೇವೆ' ಎಂಬ ಬರಹ ಕಾಣುತ್ತದೆ. 1794ರಿಂದ 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ಸೀಮೆಯ ದೇವಾಲಯಗಳಿಗೆ ಕೊಟ್ಟ ಪಾತ್ರೆ, ಆಭರಣಗಳ ಮೇಲಿನ ಇಂತಹ ಬರಹಗಳು 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಶಾಸನಗಳೆಂದೇ ಅಚ್ಚಾಗಿವೆ. ಅರಸರು ದೇವರಿಗೆ ಮಾಡಿದ್ದನ್ನು ಗೃಹಸ್ಥರು ಬಂಧುಗಳಿಗೆ ಮಾಡಿದರು. ದೇವರು ಹಿಂದಕ್ಕೆ ಕೊಡಬೇಕಾಗಿರಲಿಲ್ಲ, ಬಂಧುಗಳು ಕೊಡಬೇಕಾಗಿತ್ತು ಎಂಬುದಷ್ಟೇ ಭೇದ.

ಹಿಂದಕ್ಕೆ ಕೊಡುವ ಆ ಕಟ್ಟಳೆಗೆ ಮುಯ್ಯಿ ಎಂದು ಹೆಸರು. ನನ್ನ ಅಕ್ಷರ ದುಂಡಗಿದ್ದುದರಿಂದ 1968ರಲ್ಲಿ ಅಕ್ಕನ ಮದುವೆಯ ದಿನ ಮುಯ್ಯಿಯ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಪ್ಪರದ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಉದ್ದನೆಯ ಲೆಕ್ಕದ ಪುಸ್ತಕ ಇಟ್ಟುಕೊಂಡು ಕುಳಿತಿದ್ದೆ. ಪುರೋಹಿತರು ಉಡುಗೊರೆಯನ್ನು ಎತ್ತಿ ಹಿಡಿದು, ಕೊಟ್ಟವರ ಹೆಸರು, ಊರು, ವಸ್ತು ಇವನ್ನು ಗಟ್ಟಿಯಾಗಿ ಓದುವರು. ಅದಕ್ಕಾಗಿಯೇ ಹಿರಿಯರು 'ಮುಯ್ಯಿ ಕೊಡುವುದು' ಎನ್ನದೆ 'ಮುಯ್ಯಿ ಓದಿಸುವುದು' ಎನ್ನುತ್ತಿದ್ದರು. ಪಾತ್ರೆಯ ಮೇಲೆ ಹೆಸರಿದ್ದರೆ ಓದುವವರೂ ತಪ್ಪುವಂತಿರಲಿಲ್ಲ, ಬರೆಯುವವನೂ ತಪ್ಪುವಂತಿರಲಿಲ್ಲ.

ಆ ಪುಸ್ತಕದ ಒಂದು ಸಾಲನ್ನು ಮಾತ್ರ ಹಿಡಿದು ಹೊರಡೋಣ. ಸೋದರಮಾವನ ಹೆಸರಿನ ಮುಂದೆ 'ಹಿತ್ತಾಳೆ ತಂಬಿಗೆ ಒಂದು' ಎಂದು ಬರೆದಿದ್ದೇನೆ. 1973ರಲ್ಲಿ ಮಾವನ ಮಗಳ ಮದುವೆ ನಿಶ್ಚಯವಾದಾಗ ನಮ್ಮ ತಂದೆಯವರು ಪುಸ್ತಕ ತೆರೆದು ಆ ಸಾಲನ್ನು ನೋಡಿದರು. ಪಡೆದದ್ದಕ್ಕಿಂತ ಕಡಿಮೆಯದನ್ನು ಕೊಡುವಂತಿಲ್ಲ. ಬಹಳ ಹೆಚ್ಚಿನದನ್ನು ಕೊಟ್ಟರೆ ಅವರಿಗೆ ಭಾರ. ಆದ್ದರಿಂದ ಒಂದು ಕೈ ಮೇಲಾಗುವಂತೆ ಮುಚ್ಚಳವಿರುವ ಸ್ಟೀಲಿನ ಡಬ್ಬಿಯನ್ನು ಕೊಂಡು, ತಮ್ಮ ಹೆಸರು ಹಾಕಿಸಿ ಒಯ್ದರು. ಆ 'ಒಂದು ಕೈ ಮೇಲು' ಮಾವನ ಲೆಕ್ಕದಲ್ಲಿ ಹೊಸ ಬಾಕಿಯಾಗಿ ಉಳಿಯಿತು. ಮುಂದೆ ನನ್ನ ಮದುವೆಗೆ ಅವರು ಅದನ್ನು ತೀರಿಸಿ, ಮೇಲೆ ಇನ್ನಷ್ಟು ಸೇರಿಸಿದರು. ಹೀಗೆ ಲೆಕ್ಕ ಎಂದೂ ಸರಿಹೋಗುತ್ತಿರಲಿಲ್ಲ. ಸರಿಹೋದರೆ ಸಂಬಂಧ ಮುಗಿದಂತೆ ಎಂಬ ಭಾವನೆಯೂ ಇತ್ತು. ನಮ್ಮ ಊರಿನ ಪಾತ್ರೆ ಅಂಗಡಿಯವರು ಎಂದೂ ಗಿರಾಕಿಯನ್ನು ಕರೆಯಬೇಕಾಗಿರಲಿಲ್ಲ, ಏಕೆಂದರೆ ಪ್ರತಿಯೊಂದು ಉಡುಗೊರೆಯೂ ಮುಂದಿನದನ್ನು ಕರೆಯುತ್ತಿತ್ತು.

ಕುತೂಹಲದ ಸಂಗತಿಯೆಂದರೆ, ಈ ಪಟ್ಟಿಯಂತಹದೊಂದು ಮುಂದೆ ಕಾನೂನಿನಲ್ಲಿಯೂ ಕಾಣಿಸಿಕೊಂಡಿತು. ವರದಕ್ಷಿಣೆ ನಿಷೇಧ ಕಾಯಿದೆಯಡಿ 1985ರಲ್ಲಿ ಬಂದ ನಿಯಮಗಳು, ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು ವಿಧಿಸುತ್ತವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಬಂಧುವಾಗಿದ್ದರೆ ಯಾವ ಸಂಬಂಧ ಎಂಬುದು ಅದರಲ್ಲಿರಬೇಕು. ಮುಯ್ಯಿಯ ಪುಸ್ತಕ ಬಾಂಧವ್ಯದ ಲೆಕ್ಕ. ಇದು ಬಲವಂತವನ್ನು ತಡೆಯಲು ಇಟ್ಟ ಲೆಕ್ಕ.

ಈಗ ಕೆತ್ತನೆಯ ಮಾತಿಗೆ ಬರೋಣ. ಹಿತ್ತಾಳೆ, ತಾಮ್ರಗಳ ಕಾಲದಲ್ಲಿ ಕೆತ್ತುವವನು ಮೊದಲು ಪಾತ್ರೆಯ ಮೇಲೆ ಅಕ್ಷರಗಳನ್ನು ತೆಳುವಾಗಿ ಬರೆದುಕೊಂಡು, ಆ ಗೆರೆಯ ಮೇಲೆ ಚೂಪು ಉಳಿಯನ್ನಿಟ್ಟು ಸಣ್ಣ ಸುತ್ತಿಗೆಯಿಂದ ಚುಕ್ಕೆಚುಕ್ಕೆಯಾಗಿ ಹೊಡೆಯುತ್ತಿದ್ದ. ನಮ್ಮ ಕನ್ನಡದ ದುಂಡು ಅಕ್ಷರಗಳಿಗೆ ಚುಕ್ಕೆಯೇ ಅನುಕೂಲ, ಗೆರೆ ಎಳೆದರೆ ಉಳಿ ಜಾರುತ್ತದೆ. ಹೆಸರಿನ ಜಾಗ ಕಂಠದ ಕೆಳಗೆ, ಹೊರಮೈಯಲ್ಲಿ. ತಳದಲ್ಲಿ ಹಾಕಿದರೆ ಒಲೆಯ ಮಸಿಗೂ ಬೂದಿಯ ಉಜ್ಜಿಗೂ ಅಳಿಯುತ್ತದೆ, ಒಳಗೆ ಹಾಕಿದರೆ ಕಲಾಯಿ ಮುಚ್ಚಿಬಿಡುತ್ತದೆ.

ಸ್ಟೀಲು ಮನೆಮನೆಗೆ ಬಂದ ಮೇಲೆ ಉಳಿ ಹಿಂದೆ ಸರಿಯಿತು. ಸ್ಟೀಲು ಹಿತ್ತಾಳೆಗಿಂತ ಗಡಸು, ಅದರ ಮೇಲೆ ಪೆಟ್ಟು ಬಿದ್ದಷ್ಟೂ ಇನ್ನಷ್ಟು ಗಡಸಾಗುವುದು ಅದರ ಗುಣ. ಆಗ ಬಂದದ್ದು ವಿದ್ಯುತ್ತಿನ ಲೇಖನಿ. ಅದರೊಳಗೆ ಒಂದು ವಿದ್ಯುತ್ಕಾಂತವೂ ಒಂದು ಸ್ಪ್ರಿಂಗೂ ಇರುತ್ತವೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಕಾಂತ ಸೆಕೆಂಡಿಗೆ 100 ಸಲ ಸೆಳೆದು ಬಿಡುತ್ತದೆ. ಗಡಸು ಮೊನೆ ಅಷ್ಟು ಸಲ ಕುಟ್ಟುತ್ತದೆ. ಅಂಗಡಿಯಿಂದ ಕೇಳಿಬರುತ್ತಿದ್ದ ಆ ಜುಂಯ್ ಎಂಬ ಸದ್ದು ನಿಮಗೆ ನೆನಪಿರಬೇಕು. ಇದರಲ್ಲಿಯೂ ಒಂದು ಮಿತಿಯಿದೆ. ತಗಡು ತೆಳುವಾಗಿದ್ದರೆ ಹೊರಗಿನ ಅಕ್ಷರ ಒಳಗೆ ಉಬ್ಬಾಗಿ ಮೂಡುತ್ತದೆ. ಪಾತ್ರೆಯ ಒಳಗೆ ಬೆರಳಾಡಿಸಿದರೆ ಅದು ತಿಳಿಯುತ್ತದೆ. ಕೊಟ್ಟವರು ತೂಕದಲ್ಲಿ ಉಳಿಸಿದ್ದಾರೆ ಎಂಬ ಸುದ್ದಿಯನ್ನು ಅವರ ಹೆಸರೇ ಸಾರುತ್ತದೆ!

ಎಲ್ಲಕ್ಕಿಂತ ಹೆಚ್ಚು ಹಾನಿಯಾಗುತ್ತಿದ್ದುದು ಚೀಟಿಯಿಂದ. ಗಿರಾಕಿ ಹೆಸರನ್ನು ಕಾಗದದ ಚೂರಿನಲ್ಲಿ ಗೀಚಿ ಕೊಟ್ಟು ಹೋಗುತ್ತಾನೆ. ಕೆತ್ತುವವನಿಗೆ ಕನ್ನಡ ಓದಲು ಬಾರದಿದ್ದರೆ ಕಂಡ ಆಕಾರವನ್ನೇ ನಕಲು ಮಾಡುತ್ತಾನೆ. ನಮ್ಮ ಬಂಧುಗಳೊಬ್ಬರ ಹೆಸರಿನ ಕೊನೆಯಲ್ಲಿ 'ಶರ್ಮ' ಎಂದಿತ್ತು. ಅವರು ಹಳೆಯ ಪದ್ಧತಿಯಂತೆ ಅರ್ಕಾವೊತ್ತನ್ನು ಕೊನೆಯಲ್ಲಿಟ್ಟು 'ಶಮ೯' ಎಂದು ಬರೆದುಕೊಟ್ಟಿದ್ದರು. ಅರ್ಕಾವೊತ್ತಿನ ಆಕಾರವೂ ಕನ್ನಡದ ಒಂಬತ್ತರ ಆಕಾರವೂ ಒಂದೇ ತೆರನಲ್ಲವೇ? ಪಾತ್ರೆಯ ಮೇಲೆ 'ಶಮ 9' ಎಂದು ಮೂಡಿತು. ಕೆತ್ತಿದ್ದನ್ನು ಅಳಿಸುವಂತಿಲ್ಲ, ಹೆಸರು ಬಿದ್ದ ಪಾತ್ರೆಯನ್ನು ಅಂಗಡಿಯವರು ಹಿಂದಕ್ಕೆ ಪಡೆಯುವಂತಿಲ್ಲ. ಮುಹೂರ್ತಕ್ಕೆ ಹೊತ್ತಾಗಿತ್ತು, ಪಾಪ, ಹಾಗೆಯೇ ಓದಿಸಿದರು. ಇಂದಿನ ಲೇಸರ್ ಯಂತ್ರ ಕುಟ್ಟುವುದಿಲ್ಲವಾದ್ದರಿಂದ ತಗಡು ಉಬ್ಬುವುದಿಲ್ಲ. ಆದರೆ ಅದಕ್ಕೆ ಅಕ್ಷರ ಒದಗಿಸುವ ತಂತ್ರಾಂಶ ಕನ್ನಡಕ್ಕೆ ಹೊಂದದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅಂದೂ ಇಂದೂ ಮದ್ದು ಒಂದೇ: ಕೆತ್ತುವ ಮೊದಲು, ಬರೆದದ್ದನ್ನು ಗಿರಾಕಿಯಿಂದಲೇ ಗಟ್ಟಿಯಾಗಿ ಓದಿಸಬೇಕು.

ಮದುವೆಯ ಮುಯ್ಯಿ ಈಗ ಬಹುಮಟ್ಟಿಗೆ ಲಕೋಟೆಯೊಳಗಿನ ಹಣವಾಗಿದೆ. 'ಆಶೀರ್ವಾದವೇ ಉಡುಗೊರೆ' ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸುವವರೂ ಬಹಳ. ಹಾಗೆಂದು ಹೆಸರಿನ ಪಾತ್ರೆ ಅಳಿದುಹೋಗಲಿಲ್ಲ, ಹರಿಯುವ ದಿಕ್ಕನ್ನು ಬದಲಿಸಿತು. ಅತಿಥಿಯಿಂದ ಮನೆಯವರಿಗೆ ಬರುತ್ತಿದ್ದುದು ಈಗ ಮನೆಯವರಿಂದ ಅತಿಥಿಗೆ ಹೋಗುತ್ತಿದೆ. ವರಮಹಾಲಕ್ಷ್ಮಿ ಹಬ್ಬದ ಸಂಜೆ ತಾಂಬೂಲದ ಜತೆಗೆ ಕೊಡುವ ಪುಟ್ಟ ಬಟ್ಟಲನ್ನು ನೋಡಿ. ಇಲ್ಲಿಯೂ ಇರುವುದು ಕೊಟ್ಟವರ ಹೆಸರೇ.

ನಮ್ಮ ಅತ್ತಿಗೆಯವರು ಹೀಗೆ ಹಲವು ವರ್ಷ ಕೊಟ್ಟರು. ಕರೆಯುತ್ತಿದ್ದುದು ಸುಮಾರು 30 ಮಂದಿ ಮುತ್ತೈದೆಯರನ್ನು. ಮೊದಲ ವರ್ಷ ಕುಂಕುಮದ ಭರಣಿ, ಮರುವರ್ಷ ಅದನ್ನಿಡಲು ತಟ್ಟೆ, ಅದರ ಮರುವರ್ಷ ಅರಿಸಿನದ ಬಟ್ಟಲು. ಮೂರು ವರ್ಷ ಬಂದವರ ಮನೆಯಲ್ಲಿ ಒಂದು ಜೋಡಣೆಯೇ ಆಗುತ್ತಿತ್ತು. ನಾಲ್ಕನೆಯ ವರ್ಷ ಏನಿರಬಹುದೆಂದು ಬಂದವರೂ ಕಾಯುವರು, ಅಂಗಡಿಯವರೂ ಕಾಯುವರು. ಒಂದೇ ಒಂದು ತಪ್ಪಾಯಿತು. ಮೊದಲ ವರ್ಷ ಹೆಸರಿನೊಡನೆ ಇಸವಿಯನ್ನೂ ಹಾಕಿಸಿದ್ದರು; ಆ ಸಂಜೆ ಮಳೆ ಸುರಿದು ಆರು ಮಂದಿ ಬರಲಿಲ್ಲ. ಉಳಿದ ಆರು ಭರಣಿಗಳನ್ನು ಮರುವರ್ಷ ಹೊಸಬರಿಗೆ ಕೊಡುವಂತಿರಲಿಲ್ಲ. ಅಂದಿನಿಂದ ಇಸವಿ ಬಿಟ್ಟರು. ಮದುವೆಗೆ ದಿನಾಂಕ ಬೇಕು, ಅದು ಮತ್ತೆ ಬಾರದ ದಿನ. ಹಬ್ಬಕ್ಕೆ ಹೆಸರು ಸಾಕು, ಅದು ಮತ್ತೆ ಬರುವ ದಿನ.

ಶಿಷ್ಯನಿಗೆ ಇಷ್ಟನ್ನು ಬರೆದು ಕಳುಹಿಸಿದ್ದೇನೆ. "ಪಡೆಯುವವರ ಹೆಸರು ಹಾಕಿದ ವಸ್ತು ಅವರದಾಗಿ ಮುಗಿಯುತ್ತದೆಯಪ್ಪಾ, ಕೊಡುವವರ ಹೆಸರು ಹಾಕಿದ್ದು ಅವರನ್ನು ಮುಂದಿನ ವರ್ಷ ಮತ್ತೆ ನಿನ್ನ ಅಂಗಡಿಗೆ ಕರೆತರುತ್ತದೆ. ಯಾರು ಯಾವ ವರ್ಷ ಏನನ್ನು ಕೊಂಡರು ಎಂಬ ಪುಸ್ತಕವೊಂದನ್ನು ಇಡು. ಕೊಟ್ಟದ್ದನ್ನೇ ಮತ್ತೆ ಕೊಡಿಸಬೇಡ" ಎಂದಿದ್ದೇನೆ.

ಸೋದರಮಾವ ತೀರಿಕೊಂಡು ಬಹಳ ವರ್ಷಗಳಾದವು. ಕಷ್ಟಕಾಲದಲ್ಲಿ ಅಕ್ಕ ತನ್ನ ಮದುವೆಯ ಹಿತ್ತಾಳೆಯನ್ನೆಲ್ಲ ಒಂದೊಂದಾಗಿ ತೂಕಕ್ಕೆ ಹಾಕಿದಳು. ತಕ್ಕಡಿಗೆ ಹೆಸರಿನ ತೂಕ ತಿಳಿಯುವುದಿಲ್ಲ. ಈ ತಂಬಿಗೆಯನ್ನು ಮಾತ್ರ ಸೆರಗಿನಲ್ಲಿ ಸುತ್ತಿ ತಂದು, "ಇದನ್ನು ನಿನ್ನಲ್ಲಿ ಇಟ್ಟುಕೊ, ನನ್ನ ಕಣ್ಣೆದುರಿಗಿದ್ದರೆ ಇದೂ ಹೋದೀತು" ಎಂದು ನನ್ನ ಕೈಗಿತ್ತಳು. ಮಾವನ ಕೈಬರಹದ ಒಂದು ಕಾಗದವೂ ನಮ್ಮಲ್ಲಿ ಉಳಿದಿಲ್ಲ. ಉಳಿದಿರುವುದು ಯಾರೋ ಕೆತ್ತುವವನು ಚುಕ್ಕೆಯಿಟ್ಟು ಬರೆದ ಈ ಹೆಸರು. ನಿಮ್ಮ ನಿಮ್ಮ ಮನೆಯ ಅಟ್ಟದಲ್ಲಿಯೂ ಇಂತಹದೊಂದು ಇದ್ದೀತು. ಹುಣಸೆಹಣ್ಣಿನಿಂದ ಒಮ್ಮೆ ತೊಳೆದು, ಕಂಠದ ಕೆಳಗೆ ಓದಿ ನೋಡಿ.